‘ವ್ಯಾಂಕೊಮೈಸಿನ್ ಅಲರ್ಜಿ’ ಅಂತ ಬರೆದಿದ್ದನ್ನು ಹೊಡೆದುಹಾಕಿಸಿದೆ

ಕೇಸ್ ಶೀಟಿನಲ್ಲಿ ಕೆಂಪು ಇಂಕಿನಲ್ಲಿ ‘ವ್ಯಾಂಕೊಮೈಸಿನ್ ಅಲರ್ಜಿ’ ಅಂತ ಬರೆದಾಗಿತ್ತು. ರೋಗಿಯ ರಕ್ತದಲ್ಲಿ ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ, ಎಂಆರ್‌ಎಸ್‌ಎ. ಅದಕ್ಕೆ ಕೊಟ್ಟ ಆಂಟಿಬಯಾಟಿಕ್ಕೇ ವ್ಯಾಂಕೊಮೈಸಿನ್. ಆದ ಪ್ರತಿಕ್ರಿಯೆ ಟೈಪ್ ಬಿ ಅಲ್ಲ, ಅಂದರೆ ಅಲರ್ಜಿಯಂಥ ಊಹಿಸಲಾಗದ್ದಲ್ಲ ಅಂದೆ. ‘ಮೈ ಕೆಂಪಾಯ್ತಲ್ಲ, ಇನ್ನೇನು ಬೇಕು ನಿಮಗೆ?’ ಅಂದರು ಡಾಕ್ಟರು.

ನಾನು ಸಿಸ್ಟರ್ ಹತ್ತಿರ ಕೇಳಿದ್ದು ಒಂದೇ, ಡ್ರಿಪ್ ಎಷ್ಟು ಹೊತ್ತಲ್ಲಿ ಹೋಯ್ತು ಅಂತ. 1 ಗ್ರಾಂ, ಸುಮಾರು 20 ನಿಮಿಷದಲ್ಲಿ! ಮುಖ, ಕುತ್ತಿಗೆ, ಎದೆಯ ಮೇಲ್ಭಾಗ ಕೆಂಪಾಗಿ ತುರಿಸಿತ್ತು. ಗಂದೆ ಎದ್ದಿರಲಿಲ್ಲ, ಉಬ್ಬಸವಿರಲಿಲ್ಲ, ಬಿಪಿ ಇಳಿದಿರಲಿಲ್ಲ. ಡ್ರಿಪ್ ನಿಲ್ಲಿಸಿದ ಅರ್ಧ ಗಂಟೆಗೆ ಎಲ್ಲ ಇಳಿದಿತ್ತು. ವ್ಯಾಂಕೊಮೈಸಿನ್ ಅಲರ್ಜಿಯ ಪ್ರತಿಕಾಯವಾದ ಐಜಿಇ ಸಹಾಯವಿಲ್ಲದೆ ನೇರವಾಗಿ ಮಾಸ್ಟ್ ಕೋಶದಿಂದ ತುರಿಕೆ ತರುವ ಹಿಸ್ಟಮಿನ್ ಬಿಡಿಸುತ್ತದೆ, ವೇಗ ಹೆಚ್ಚಿದಷ್ಟೂ ಜಾಸ್ತಿ. ಅಂದರೆ ಊಹಿಸಬಹುದಾದ ಟೈಪ್ ಎ. ಪೆನಿಸಿಲಿನ್ ಅನಾಫಿಲಾಕ್ಸಿಸ್ ಹಾಗಲ್ಲ, ಅಲ್ಲಿ ಚೂರೇ ಸಾಕು, ಡ್ರಿಪ್ ನಿಧಾನಿಸಿದರೂ ತಪ್ಪುವುದಿಲ್ಲ.

ಹಿಂದೊಮ್ಮೆ ಇಂಥದ್ದೇ ಕೇಸಿನಲ್ಲಿ ಸುಮ್ಮನಿದ್ದೆ. ಲಿನೆಝೊಲಿಡ್‌ಗೆ ಬದಲಾಯಿಸಿದರು. ಔಷಧದ ಖರ್ಚು ನಾಲ್ಕೈದು ಪಟ್ಟಾಯಿತು, ಎರಡನೇ ವಾರ ಕಳೆಯುವಷ್ಟರಲ್ಲಿ ಪ್ಲೇಟ್‌ಲೆಟ್ 60 ಸಾವಿರದ ಆಸುಪಾಸಿಗೆ ಇಳಿಯಿತು. ಅನಾಫಿಲಾಕ್ಸಿಸ್‌ನಲ್ಲಿ ಏರುವ ಟ್ರಿಪ್ಟೇಸ್ ನೋಡಲು ರಕ್ತ ತೆಗೆಸಿದ್ದು ಮರುದಿನ ಬೆಳಿಗ್ಗೆ, ಅಷ್ಟರಲ್ಲಿ ಏರಿದ್ದರೂ ಇಳಿದಿರುತ್ತದೆ, ಆ ದುಡ್ಡೂ ದಂಡ. ಈ ಸಲ ಎರಡು ಗಂಟೆಯೊಳಗೆ ತೆಗೆಸಿದೆ. ಏರಿರಲಿಲ್ಲ.

ಆಮೇಲೆ ನರಾಂಜೊ, ಪ್ರತಿಕ್ರಿಯೆ ಔಷಧದಿಂದಲೇ ಆಯಿತೇ ಅಂತ ಅಂಕ ಹಾಕಿ ನೋಡುವ ಪಟ್ಟಿ. ಹಿಂದಿನ ವರದಿಗಳಿಗೆ 1, ಔಷಧದ ನಂತರ ಬಂದದ್ದಕ್ಕೆ 2, ನಿಲ್ಲಿಸಿದಾಗ ಇಳಿದದ್ದಕ್ಕೆ 1, ಕಣ್ಣಾರೆ ಕಂಡದ್ದಕ್ಕೆ 1. ಆದರೆ ಸ್ವಲ್ಪ ಮೊದಲು ಮಾರ್ಫಿನ್ ಕೊಟ್ಟಿದ್ದರು, ಅದೂ ಹಿಸ್ಟಮಿನ್ ಬಿಡಿಸುತ್ತದೆ, ಹಾಗಾಗಿ ಮೈನಸ್ 1. ಒಟ್ಟು 4, ‘ಸಾಧ್ಯ’ ಅಷ್ಟೆ.

ಮಾರ್ಫಿನ್ ತೆಗೆಸಿ, ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು, 1 ಗ್ರಾಂ ಅನ್ನು 100 ನಿಮಿಷದಲ್ಲಿ ಬಿಟ್ಟೆವು, ನಿಮಿಷಕ್ಕೆ 10 ಮಿಲಿಗ್ರಾಂ. ಕುತ್ತಿಗೆ ಮಾತ್ರ ಸ್ವಲ್ಪ ತುರಿಸಿತು. ಮತ್ತೆ ಬಂದದ್ದಕ್ಕೆ 2, ಬೇರೆ ಕಾರಣವಿಲ್ಲದ್ದಕ್ಕೆ ಮೈನಸ್ 1ರ ಬದಲು 2. ಒಟ್ಟು 9, ‘ಖಚಿತ’. ಪ್ರಮಾಣ ಕಡಿಮೆಯಾದಾಗ ತೀವ್ರತೆ ಇಳಿದರೆ ಇನ್ನೊಂದು ಅಂಕವಿದೆ, ಆದರೆ ನಾನು ಇಳಿಸಿದ್ದು ವೇಗ, ಡೋಸ್ ಅಲ್ಲ. ಅದನ್ನು ತೆಗೆದುಕೊಳ್ಳಲಿಲ್ಲ.

‘ಖಚಿತ ಅಂದ್ರೆ ಅಲರ್ಜಿ ಖಚಿತ ಅಂತಲ್ವಾ?’ ಅಂದರು ಡಾಕ್ಟರು. ಎಲ್ಲರೂ ಎಡವುವ ಜಾಗ ಇದೇ. ಔಷಧದಿಂದಲೇ ಆಯಿತೇ ಅನ್ನುವುದಷ್ಟೇ ಅಂಕದಿಂದ ಗೊತ್ತಾಗುತ್ತದೆ, ಟೈಪ್ ಯಾವುದು ಅನ್ನುವುದಲ್ಲ. ಅದಕ್ಕೆ ಮೂರನೇ ಡೋಸ್ 150 ನಿಮಿಷದಲ್ಲಿ ಬಿಟ್ಟೆವು. ಏನೂ ಆಗಲಿಲ್ಲ. ಪಂಪಿನ ವೇಗ ಹಂತಹಂತವಾಗಿ ಹೇಗೆ ಏರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಇನ್ನೊಬ್ಬರಿಗೆ ಮೊದಲೇ ಆಂಟಿಹಿಸ್ಟಮಿನ್ ಕೊಟ್ಟು ನೋಡಿದ್ದೆ. ತುರಿಕೆ ಬರಲಿಲ್ಲ, ಆದರೆ ತಡೆದದ್ದು ಮಾತ್ರೆಯೋ ವೇಗವೋ ತಿಳಿಯದೆ ಅಂಕ ಹಾಕಲಾಗಲಿಲ್ಲ. ಬಾಯಿ, ಕಣ್ಣು ಸುಲಿದವರಿಗೆ, ಬಿಪಿ ಕುಸಿದವರಿಗೆ ಇದನ್ನೆಲ್ಲ ಮಾಡಲೇಬೇಡಿ.

ಕೆಂಪು ಬರಹದ ಮೇಲೆ ಗೆರೆ ಎಳೆದು ಡಾಕ್ಟರೇ ಬರೆದರು: ‘ಡ್ರಿಪ್ ವೇಗದಿಂದಾದ ಪ್ರತಿಕ್ರಿಯೆ. 150 ನಿಮಿಷಕ್ಕಿಂತ ಬೇಗ ಬೇಡ.’