ಹಸಿರು ದೀಪ ಉರಿಯುತ್ತಿತ್ತು, ಬಿಲ್ಲು ಹೋಗಿರಲಿಲ್ಲ

ಅಂಗಡಿಗಳ ಬಿಲ್ಲಿಂಗ್ ಆ್ಯಪ್‌ಗೆ ಹುಬ್ಬಳ್ಳಿಯಲ್ಲಿ ಕುಳಿತು ಸಪೋರ್ಟ್ ಕೊಡುವುದು ನಮ್ಮ ಕೆಲಸ. ನೆಟ್‌ವರ್ಕ್ ಇಲ್ಲದಾಗಲೂ ಅಂಗಡಿಯವರು ಬಿಲ್ ಹಾಕಬಹುದು. ಬಿಲ್ಲುಗಳು ಮೊಬೈಲಿನಲ್ಲೇ ಸರದಿಯಲ್ಲಿ ನಿಂತು, ನೆಟ್‌ವರ್ಕ್ ಬಂದ ಮೇಲೆ ಸರ್ವರಿಗೆ ಹೋಗುತ್ತವೆ.

ಹೊಸಬರಿಗೆ ಮೊದಲು ನಾನು ಅಂಗಡಿಗಳ ಸ್ಥಿತಿ ತೋರಿಸುವ ಪರದೆಯಾದ ಡ್ಯಾಶ್‌ಬೋರ್ಡ್‌ನಿಂದಲೇ ಪಾಠ ಶುರುಮಾಡುತ್ತಿದ್ದೆ. ಅದು ಎಷ್ಟು ತಪ್ಪು ಎಂದು ತಿಳಿದದ್ದು ರಾಣೆಬೆನ್ನೂರಿನ ಒಂದು ಅಂಗಡಿಯಿಂದ. ಸಿಂಕ್ ಆಗುತ್ತಿಲ್ಲ ಎಂದು ಅವರು ಫೋನ್ ಮಾಡಿದಾಗ ನಮ್ಮ ಹುಡುಗ ಪರದೆ ನೋಡಿದ. ಹಸಿರು ದೀಪ ಇತ್ತು. ಹಾಗಾದರೆ ಆ್ಯಪ್‌ನಲ್ಲೇ ದೋಷ ಎಂದುಕೊಂಡು, ತೆಗೆದು ಮತ್ತೆ ಹಾಕಿಕೊಳ್ಳಿ ಎಂದ. ಮೊಬೈಲಿನಲ್ಲಿ ಕಾದು ನಿಂತಿದ್ದ ಅಷ್ಟೂ ಬಿಲ್ಲುಗಳು ಆ್ಯಪ್ ಜೊತೆಗೇ ಹೋದವು. ಹುಡುಗನನ್ನು ಬೈದು ಪ್ರಯೋಜನವಿರಲಿಲ್ಲ, ಹಸಿರನ್ನು ನಂಬಲು ಕಲಿಸಿದವನು ನಾನೇ.

ಈಗ ತರಬೇತಿ ಹತ್ತು ದಿನ. ಮೊದಲ ಮೂರು ದಿನ ಡ್ಯಾಶ್‌ಬೋರ್ಡ್ ಮುಟ್ಟುವಂತಿಲ್ಲ, ಆ್ಯಪ್ ತಾನು ಮಾಡಿದ್ದನ್ನು ಸಮಯದ ಸಮೇತ ಬರೆದಿಟ್ಟ ಹಳೆಯ ಲಾಗ್‌ಗಳನ್ನು ಕಾಗದದ ಮೇಲೆ ಅಚ್ಚುಹಾಕಿ ಕೊಡುತ್ತೇನೆ. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಲಾಗ್ ಈಗ ನನ್ನ ಮುಖ್ಯ ಪಾಠ:

```
04:52:10Z push start pending=37
04:52:11Z push rec=b-1093 status=422 msg="invalid qty"
04:52:11Z push abort acked=0 pending=37
04:52:12Z pull ok rows=12
05:07:10Z push start pending=39
05:07:11Z push rec=b-1093 status=422 msg="invalid qty"
```

ಮೊದಲ ಪ್ರಶ್ನೆ ಗಂಟೆಯದು. ಬೆಳಗಿನ ಜಾವ ಐದಕ್ಕೆ ಯಾವ ಅಂಗಡಿ ತೆರೆದಿರುತ್ತದೆ? ಕೊನೆಯ Z ಎಂದರೆ ಯುಟಿಸಿ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ 10:22 ಆಗುತ್ತದೆ. ಇದನ್ನು ಮರೆತವರು, ವ್ಯಾಪಾರಿ ಹೇಳುವ ಸಮಯಕ್ಕೂ ಲಾಗ್‌ಗೂ ತಾಳೆಯಾಗದೆ ಬೇರೆಲ್ಲೋ ಹುಡುಕುತ್ತಾರೆ.

ಎರಡನೆಯದು, ಸರದಿ ಕರಗುತ್ತಿದೆಯೇ? ಇಲ್ಲಿ pending, ಅಂದರೆ ಬಾಕಿ ಬಿಲ್ಲುಗಳು, 37 ಇದ್ದದ್ದು 39 ಆಗಿದೆ. ಎರಡು ಸಲವೂ ತಡೆದು ನಿಂತದ್ದು ಒಂದೇ ಬಿಲ್ಲು, b-1093. ನಮ್ಮ ಆ್ಯಪ್ ಹಳೆಯ ಬಿಲ್ಲನ್ನು ಮೊದಲು ಕಳಿಸುತ್ತದೆ, ಅದು ತಿರಸ್ಕೃತವಾದರೆ ಅಲ್ಲೇ ನಿಲ್ಲುತ್ತದೆ. ದುರ್ಗದ ಬೈಲಿನ ಸಂದಿಯಲ್ಲಿ ಒಂದು ಕೈಗಾಡಿ ಕೆಟ್ಟರೆ ಹಿಂದಿನವರೆಲ್ಲ ನಿಂತ ಹಾಗೆ. ಆದರೆ ಸರ್ವರಿನಿಂದ ಮೊಬೈಲಿಗೆ ಬರುವ ಮಾಹಿತಿ, ಅಂದರೆ pull, ಸರಾಗವಾಗಿ ಬರುತ್ತಿದೆ. ಡ್ಯಾಶ್‌ಬೋರ್ಡ್‌ನ ಹಸಿರು ದೀಪ ಅಷ್ಟನ್ನೇ ಹೇಳುತ್ತಿತ್ತು. ನಾಲ್ಕನೆಯ ದಿನ ಪರದೆ ತೆರೆದಾಗ, ದೀಪವನ್ನು ಬಿಟ್ಟು, ಅತಿ ಹಳೆಯ ಬಾಕಿ ಬಿಲ್ಲಿಗೆ ಎಷ್ಟು ಹೊತ್ತಾಯಿತು ಎಂಬ ಕಾಲಂ ನೋಡಿಸುತ್ತೇನೆ. ರಾಣೆಬೆನ್ನೂರಿನ ಘಟನೆಯ ನಂತರ ಹಟ ಹಿಡಿದು ಹಾಕಿಸಿದ ಕಾಲಂ ಅದು.

ಉಳಿದ ದಿನಗಳು ಎಸ್ಕಲೇಟ್ ಮಾಡುವ, ಅಂದರೆ ಎಂಜಿನಿಯರ್‌ಗೆ ದಾಟಿಸುವ ನಿರ್ಧಾರಕ್ಕೆ. ಸರ್ವರ್ ಸದ್ಯಕ್ಕೆ ಲಭ್ಯವಿಲ್ಲ ಎನ್ನುವ 503 ಅಥವಾ ಟೈಮ್‌ಔಟ್ ಬಂದರೆ ಆ್ಯಪ್ ತಾನೇ ಮತ್ತೆ ಪ್ರಯತ್ನಿಸುತ್ತದೆ, ಅರ್ಧ ಗಂಟೆ ಕಾಯಬಹುದು. ಒಟ್ಟಿಗೆ ಹಲವು ಅಂಗಡಿಗಳಲ್ಲಿ ಬಂದರೆ ಮಾತ್ರ ಕಾಯಬಾರದು. ಲಾಗಿನ್ ಒಪ್ಪಿಲ್ಲ ಎನ್ನುವ 401 ಆದರೆ ಮತ್ತೆ ಲಾಗಿನ್ ಮಾಡಿಸಿದರೆ ಸಾಮಾನ್ಯವಾಗಿ ಸಾಕು. 422 ಬೇರೆ ಜಾತಿಯದು. ಬಿಲ್ಲು ಸರ್ವರಿಗೆ ತಲುಪಿದೆ, ಅದರೊಳಗಿನ ವಿವರವನ್ನು ಸರ್ವರ್ ಒಪ್ಪುತ್ತಿಲ್ಲ. ನೂರು ಸಲ ಕಳಿಸಿದರೂ ಅದೇ ಉತ್ತರ. ಇಲ್ಲಿ ಕಾಯುವುದೆಂದರೆ ಸರದಿ ಬೆಳೆಸುವುದು.

ಬ್ಯಾಡಗಿಯ ಆ ಕರೆ ತೆಗೆದುಕೊಂಡವಳು ತರಬೇತಿಯ ಎಂಟನೆಯ ದಿನದಲ್ಲಿದ್ದ ಗದಗಿನ ಹುಡುಗಿ. ಮೊದಲು ವ್ಯಾಪಾರಿಗೆ, “ಸರ್, ಬಿಲ್ ಹಾಕುತ್ತಾ ಇರಿ. ಆ್ಯಪ್ ಮಾತ್ರ ತೆಗೆಯಬೇಡಿ, ಡೇಟಾ ಅಳಿಸಬೇಡಿ” ಎಂದಳು. ಆಮೇಲೆ ಅದೇ ಸಂದೇಶವನ್ನು ಉಳಿದ ಅಂಗಡಿಗಳ ಲಾಗ್‌ನಲ್ಲಿ ಹುಡುಕಿದಳು. ಇನ್ನೂ ಮೂರು ಸಿಕ್ಕವು. ನಾಲ್ಕೂ ಕಡೆ ಸಿಕ್ಕಿಬಿದ್ದದ್ದು ಗಿರಾಕಿ ಮರಳಿಸಿದ ಮಾಲಿನ ಬಿಲ್ಲು, ಪ್ರಮಾಣ -2, -1 ಹೀಗೆ. ಹಿಂದಿನ ರಾತ್ರಿ ಸರ್ವರಿಗೆ ಹಾಕಿದ ಹೊಸ ನಿಯಮ ಋಣ ಸಂಖ್ಯೆಯನ್ನು ಒಪ್ಪುತ್ತಿರಲಿಲ್ಲ. ಅಂಗಡಿಗಳ ಕೋಡ್, ಬಿಲ್ ಐಡಿ, ಮೊದಲು ವಿಫಲವಾದ ಸಮಯ, ಬಾಕಿ ಎಷ್ಟು, ವ್ಯಾಪಾರಿಗೆ ಏನು ಹೇಳಿದೆ, ಇಷ್ಟನ್ನು ಆರು ಸಾಲಿನಲ್ಲಿ ಬರೆದು ಎಂಜಿನಿಯರ್‌ಗೆ ಕಳಿಸಿದಳು. ಅವರು ಮರುಪ್ರಶ್ನೆ ಕೇಳಲಿಲ್ಲ. ನಿಯಮ ಸಡಿಲಿಸಿದ ಮೇಲೆ ಮಧ್ಯಾಹ್ನದ ಹೊತ್ತಿಗೆ pending=0 ಎಂದು ತೋರಿಸಿತು.

ಅವಳು ಟಿಕೆಟ್ ಮುಚ್ಚಲು ಹೊರಟಾಗ ನಾನು ತಡೆದೆ. ರಾಣೆಬೆನ್ನೂರಿನಲ್ಲಿ ಆ್ಯಪ್ ಮತ್ತೆ ಹಾಕಿಸಿದಾಗಲೂ ಬಾಕಿ ಸೊನ್ನೆಯೇ ಇತ್ತು. ವ್ಯಾಪಾರಿಯ ಕೈಲಿರುವ ಬಿಲ್ ಸಂಖ್ಯೆಗಳನ್ನು ಸರ್ವರಿನ ಸಂಖ್ಯೆಗಳ ಜೊತೆ ತಾಳೆ ಹಾಕಿದೆವು. ಒಂದು ಕಡಿಮೆ ಬಂತು. ಫೋನ್ ಮಾಡಿದರೆ, “ಅದನ್ನು ನಾನೇ ರದ್ದು ಮಾಡಿದೆ, ತಂಗೀ” ಎಂದರು. ಅದನ್ನೂ ಬರೆದುಕೊಂಡು ಟಿಕೆಟ್ ಮುಚ್ಚಿದಳು.