ಬಂದ ಠೇವಣಿ, ನಿಂತ ಠೇವಣಿ: ನೋಟು ರದ್ದತಿಯ ತಿಂಗಳುಗಳಲ್ಲಿ ನನ್ನ ಶಾಖೆ

2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿ ನೋಟು ರದ್ದಾದಾಗ ನಾನು ಹಾವೇರಿ ಜಿಲ್ಲೆಯ ಒಂದು ಪಟ್ಟಣದಲ್ಲಿ ಬ್ಯಾಂಕ್ ಮ್ಯಾನೇಜರ್. ಕ್ಯೂ, ಗಲಾಟೆ, ಖಾಲಿ ಎಟಿಎಂ ಎಲ್ಲರಿಗೂ ಗೊತ್ತಿದ್ದದ್ದೇ. ಬಂದು ಬಿದ್ದ ಠೇವಣಿಯಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಹೋಗುತ್ತದೆ ಅಂತ ನಾನು ಹೇಗೆ ಅಂದಾಜು ಮಾಡಿದೆ ಅನ್ನುವುದಷ್ಟೇ ಇಲ್ಲಿ ಹೇಳುತ್ತೇನೆ.

ಮಾಮೂಲಿ ದಿನಗಳಲ್ಲಿ ಜನ ಎಷ್ಟು ನಗದು ಕೇಳುತ್ತಾರೋ ಅಷ್ಟನ್ನು ರಿಸರ್ವ್ ಬ್ಯಾಂಕ್ ಒದಗಿಸುತ್ತದೆ. ಹಾಗಾಗಿ ಚಲಾವಣೆಯಲ್ಲಿರುವ ನೋಟಿನ ಮೊತ್ತ ನೋಡಿದರೆ ಜನರಿಗೆ ಎಷ್ಟು ನಗದು ಬೇಕು ಅಂತ ಗೊತ್ತಾಗುತ್ತದೆ. ಆಗ ಆ ಲೆಕ್ಕ ಕೆಟ್ಟಿತು. ಚಲಾವಣೆಯಲ್ಲಿದ್ದ ಹಣದ ಸುಮಾರು ಶೇ. 86 ಒಂದೇ ರಾತ್ರಿಗೆ ಅಮಾನ್ಯ. ಉಳಿತಾಯ ಖಾತೆಯಿಂದ ವಾರಕ್ಕೆ 24,000 ರೂಪಾಯಿ ಮಾತ್ರ ತೆಗೆಯಬಹುದಿತ್ತು, ಅದೂ ಶಾಖೆಯಲ್ಲಿ ನೋಟಿದ್ದರೆ! ನಗದು ಕಡಿಮೆಯಾಗಿದ್ದು ಜನರಿಗೆ ಬೇಡವಾಗಿ ಅಲ್ಲ, ಮುದ್ರಣಾಲಯ ಅಷ್ಟೇ ಕೊಟ್ಟಿದ್ದರಿಂದ.

ಹಾಗಾಗಿ ಬಂದ ಹಣವನ್ನು ಅದರ ಮೂಲ ನೋಡಿ ಬೇರೆ ಮಾಡಿದೆ. ಪ್ರತಿ ಖಾತೆಯ ಹಿಂದಿನ ಒಂದು ವರ್ಷದ ವಹಿವಾಟು ತೆಗೆದರೆ ಸಾಕು, ಬಹಳಷ್ಟು ತಿಳಿಯುತ್ತಿತ್ತು. ಹಬ್ಬಕ್ಕೆ, ಮದುವೆಗೆ ಅಂತ ಡಬ್ಬಿಯಲ್ಲಿಟ್ಟಿದ್ದ ಹೆಂಗಸರ ದುಡ್ಡು ಒಂದು ಬಗೆ. ವ್ಯಾಪಾರಿಗಳು ದಿನವೂ ತಿರುಗಿಸುವ ಬಂಡವಾಳ ಇನ್ನೊಂದು. ವರ್ಷಗಟ್ಟಲೆ ಮಲಗಿದ್ದ ಜನಧನ್ ಖಾತೆಗೆ ಇದ್ದಕ್ಕಿದ್ದಂತೆ ಬಂದ ದೊಡ್ಡ ಮೊತ್ತ ಮೂರನೆಯದು. ಅದು ಯಾರದು ಅಂತ ಊರಿಗೇ ಗೊತ್ತಿತ್ತು ಅನ್ನಿ.

ಎರಡನೆಯದರ ಕಥೆ ಸ್ವಲ್ಪ ಹೇಳಬೇಕು. ನವೆಂಬರ್ ಅಂದರೆ ನಮ್ಮಲ್ಲಿ ಗೋವಿನಜೋಳ ಮಾರುಕಟ್ಟೆಗೆ ಬರುವ ಕಾಲ. ಚಾಲ್ತಿ ಖಾತೆಯ ಮಿತಿ ವಾರಕ್ಕೆ 50,000 ರೂಪಾಯಿ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,365. ಅಂದರೆ ಆ ದುಡ್ಡಿಗೆ ಸಿಗುವುದು 36 ಕ್ವಿಂಟಲ್. ಒಂದು ಟ್ರ್ಯಾಕ್ಟರ್ ಲೋಡಿನ ಆಸುಪಾಸು, ಅದೂ ಇಡೀ ವಾರಕ್ಕೆ! ಹಮಾಲರ ಕೂಲಿ, ಲಾರಿ ಬಾಡಿಗೆ ಬೇರೆ. ನನ್ನ ಗ್ರಾಹಕರೊಬ್ಬರು ಬಂದು, "ಸಾಹೇಬ್ರ, ಖಾತೆದಾಗ ಹತ್ತು ಲಕ್ಷ ಅದ, ಹಮಾಲರಿಗೆ ಕೊಡಾಕ ನೂರರ ನೋಟಿಲ್ಲ" ಅಂದರು. ಚೆಕ್ ಕೊಟ್ಟರೆ ರೈತ ಅದನ್ನು ಹಾಕಿ ಮತ್ತೆ 24,000ದ ಮಿತಿಗೇ ಸಿಕ್ಕಿಬೀಳುತ್ತಿದ್ದ. ಹೀಗಾಗಿ ಖರೀದಿ ಕುಗ್ಗಿತು, ಹಮಾಲರಿಗೆ ಕೆಲಸ ತಪ್ಪಿತು. ನನ್ನ ಪುಸ್ತಕದಲ್ಲಿ ಮಾತ್ರ ಠೇವಣಿ ಏರುತ್ತಲೇ ಇತ್ತು. ಆ ಏರಿಕೆಯ ಒಂದು ಭಾಗ ಮಾರುಕಟ್ಟೆಯಲ್ಲಿ ನಿಂತುಹೋದ ವ್ಯಾಪಾರವೇ ಅಲ್ವಾ?

ಮೇಲಿನವರಿಗೆ ನಾನು ಕೊಟ್ಟ ಸಲಹೆ ಇಷ್ಟೇ: ಚಾಲ್ತಿ ಖಾತೆಯ ಹೆಚ್ಚಳವನ್ನು ಹೋಗುವ ಹಣ ಅಂತಲೇ ಹಿಡಿಯಿರಿ, ಅದನ್ನು ನಂಬಿ ದೀರ್ಘಾವಧಿ ಸಾಲ ಕೊಡಬೇಡಿ. ಅಷ್ಟಕ್ಕೂ ಸಾಲ ಕೇಳಿ ಬರುವವರೇ ಇರಲಿಲ್ಲ. ಠೇವಣಿಯಿಂದ ಬ್ಯಾಂಕಿಗೆ ಲಾಭವೂ ಇರಲಿಲ್ಲ. ಸೆಪ್ಟೆಂಬರ್ 16ರಿಂದ ನವೆಂಬರ್ 11ರ ನಡುವೆ ಹೆಚ್ಚಾದ ಠೇವಣಿಯಷ್ಟೂ ಹಣವನ್ನು ತನ್ನಲ್ಲೇ ಇಡಬೇಕು ಅಂತ ರಿಸರ್ವ್ ಬ್ಯಾಂಕ್ ನವೆಂಬರ್ ಕೊನೆಯಲ್ಲಿ ಆದೇಶಿಸಿತು, ಡಿಸೆಂಬರ್ 10ರಿಂದ ಅದನ್ನು ಹಿಂತೆಗೆದುಕೊಂಡಿತು. ಆ ಎರಡು ವಾರ ಆ ಹಣಕ್ಕೆ ನಮಗೆ ಬಡ್ಡಿ ಇಲ್ಲ, ನಾವು ಉಳಿತಾಯ ಖಾತೆದಾರರಿಗೆ ಶೇ. 4 ಕೊಡಲೇಬೇಕು.

ಪರಿಸ್ಥಿತಿ ಸರಿಹೋಗುತ್ತಿದೆಯೇ ಅಂತ ತಿಳಿಯಲು ನಾನು ನೋಡುತ್ತಿದ್ದದ್ದು ಕ್ಯೂ ಅಲ್ಲ, ಸಂಜೆಯ ಜಮಾ. ಮಾಮೂಲಿಯಾಗಿ ಬೆಳಿಗ್ಗೆ ಕೌಂಟರಿನಿಂದ ಹೋದ ನೋಟಿನಲ್ಲಿ ಒಂದು ಪಾಲು ಅಂಗಡಿಯವರ ಕೈಯಿಂದ ಸಂಜೆಗೆ ವಾಪಸ್ ಬರುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಅದು ನಿಂತೇಹೋಗಿತ್ತು. ಮತ್ತೆ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಜನ ಹೊಸ ನೋಟು, ನೂರರ ನೋಟು ಎರಡನ್ನೂ ಬಚ್ಚಿಟ್ಟರು. 2000ದ ನೋಟಿಗೆ ಚಿಲ್ಲರೆ ಸಿಗದೆ ಅದೂ ಜೇಬಲ್ಲೇ ಕೂತಿತು. ಅಂಗಡಿಯವರು ಹೊಸ 500ರ ನೋಟನ್ನು ತಾವಾಗಿಯೇ ತಂದು ಕಟ್ಟಲು ಶುರು ಮಾಡಿದಾಗಲೇ, ನಗದು ಮತ್ತೆ ತಿರುಗುತ್ತಿದೆ ಅಂತ ನಾನು ಒಪ್ಪಿದ್ದು.

2017ರ ಜನವರಿ 30ಕ್ಕೆ ಚಾಲ್ತಿ ಖಾತೆಯ ಮಿತಿ ಹೋಯಿತು, ಮಾರ್ಚ್ 13ಕ್ಕೆ ಉಳಿತಾಯ ಖಾತೆಯದು. ವ್ಯಾಪಾರಿಗಳ ಹಣ ಮೊದಲು ಹೊರಟಿತು, ಜನಧನ್ ಖಾತೆಗಳ ದೊಡ್ಡ ಮೊತ್ತಗಳು ಅದರ ಹಿಂದೆಯೇ. ಹೆಂಗಸರ ದುಡ್ಡಿನಲ್ಲಿ ಒಂದು ಪಾಲು ಮಾತ್ರ ಉಳಿಯಿತು, ಕೆಲವರು ಅದನ್ನು ಎಫ್‌ಡಿ ಮಾಡಿದರು. ದೇಶದ ಲೆಕ್ಕವೂ ಇದೇ ದಾರಿ ಹಿಡಿಯಿತು. ಸುಮಾರು 18 ಲಕ್ಷ ಕೋಟಿಯಿದ್ದ ನಗದು 2017ರ ಜನವರಿ ಮೊದಲ ವಾರಕ್ಕೆ 9 ಲಕ್ಷ ಕೋಟಿಗೆ ಇಳಿದಿತ್ತು, 2018ರ ಮಾರ್ಚ್‌ಗೆ ಮತ್ತೆ 18 ಲಕ್ಷ ಕೋಟಿ ದಾಟಿತ್ತು.