ಜನರೇಟರ್ ರೂಮಿನ ಟಿಕ್ಕುಗಳು

ನಮ್ಮದು ಬೆಂಗಳೂರಿನ 32 ಮನೆಗಳ ಅಪಾರ್ಟ್‌ಮೆಂಟ್. ಸಂಘದ ಕಾರ್ಯದರ್ಶಿ ಕೆಲಸ ನನ್ನ ತಲೆಗೆ ಬಂದಾಗ ಜೊತೆಗೆ ಒಂದು ಉದ್ದನೆಯ ಗೆರೆ ಪುಸ್ತಕವೂ ಬಂತು. ಸಂಪ್ ನೀರು, ಮೋಟಾರ್, ಡೀಸೆಲ್, ಸೋಮವಾರ ಜನರೇಟರ್ ಟೆಸ್ಟ್. ಪ್ರತಿಯೊಂದಕ್ಕೂ ಒಂದು ಟಿಕ್. ಹಗಲು ವಾಚ್‌ಮನ್, ರಾತ್ರಿ ವಾಚ್‌ಮನ್, ಆಗಾಗ ಬರುವ ಎಲೆಕ್ಟ್ರಿಷಿಯನ್, ಮೂವರೂ ಬರೆಯುವ ಪುಸ್ತಕ.

ಒಂದು ರಾತ್ರಿ ಕರೆಂಟ್ ಹೋಯ್ತು. ಲಿಫ್ಟ್ ಎರಡನೇ ಮಹಡಿ ಹತ್ತಿರ ನಿಂತಿತು, ಒಳಗೆ ಒಬ್ಬ ಅಜ್ಜಿ. ಜನರೇಟರ್ ಮಾತ್ರ ಟಕ್ ಟಕ್ ಅಂದು ಸುಮ್ಮನಾಯ್ತು. ಕೈಯಿಂದ ಲಿಫ್ಟ್ ಇಳಿಸಿ ಅಜ್ಜಿಯನ್ನು ಹೊರಗೆ ಕರೆತಂದ ಮೇಲೆ ಪುಸ್ತಕ ತೆಗೆದೆ. ನಾಲ್ಕೂ ಸೋಮವಾರ ಟಿಕ್ ಇತ್ತು. ನಾಲ್ಕೂ ಒಂದೇ ನೀಲಿ ಪೆನ್ನು, ಒಂದೇ ಓರೆ. ಒಟ್ಟಿಗೆ ಕೂತು ಹಾಕಿದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಜನರೇಟರ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಎಣಿಸುವ ಪ್ಯಾನೆಲ್‌ನ ಅವರ್ ಮೀಟರ್ 412.6 ತೋರಿಸುತ್ತಿತ್ತು. ಹಿಂದಿನ ತಿಂಗಳ ಸರ್ವಿಸ್ ಚೀಟಿಯಲ್ಲೂ 412.6. ಅಂದರೆ ಒಂದು ನಿಮಿಷವೂ ಓಡಿರಲಿಲ್ಲ. ಬ್ಯಾಟರಿ ಚಾರ್ಜರ್ ಪ್ಲಗ್ ಕಿತ್ತು ಯಾರೋ ಮೊಬೈಲ್ ಚಾರ್ಜ್‌ಗೆ ಹಾಕಿಕೊಂಡಿದ್ದರು.

ಪೇಪರ್ ಅಂದ್ರೆ ಇಷ್ಟೇ ಅಂದುಕೊಂಡು ಮಾರನೇ ದಿನವೇ ಗೂಗಲ್ ಶೀಟ್ ಮಾಡಿದೆ. ಇಲ್ಲಿ ತಪ್ಪು ನನ್ನದೇ. ತಾರೀಕು ತಾನೇ ಬರಲಿ ಅಂತ ಆ ಕಾಲಂನಲ್ಲಿ `=TODAY()` ಹಾಕಿದ್ದೆ. ಮರುದಿನ ತೆರೆದರೆ ಹಳೆಯ ಸಾಲುಗಳೆಲ್ಲ ಅವತ್ತಿನ ತಾರೀಕಿಗೆ ತಿರುಗಿದ್ದವು. ಆ ಫಾರ್ಮುಲಾ ಯಾವಾಗಲೂ ಇವತ್ತಿನ ದಿನವನ್ನೇ ಹೇಳುತ್ತದೆ, ಬರೆದ ದಿನವನ್ನಲ್ಲ. ಕಂಪ್ಯೂಟರಲ್ಲಾದರೆ Ctrl+; ಒತ್ತಿದರೆ ತಾರೀಕು ಬದಲಾಗದೆ ಕೂರುತ್ತದೆ. ಆದರೆ ವಾಚ್‌ಮನ್ ಕೈಯಲ್ಲಿರುವುದು ಫೋನ್ ಅಲ್ವಾ? ಆ ಪುಟ್ಟ ಚೌಕಗಳಲ್ಲಿ ಬೆರಳು ಪಕ್ಕದ ಸಾಲಿಗೆ ಹೋಗುತ್ತದೆ, ನಿನ್ನೆಯ ಅಂಕಿ ಅಳಿದುಹೋಗುತ್ತದೆ. ಎಡಿಟ್ ಹಿಸ್ಟರಿಯಲ್ಲಿ ಹುಡುಕಬಹುದು, ನಿಜ. ಆದರೆ ಎಲ್ಲರೂ ಒಂದೇ ಲಾಗಿನ್‌ನಿಂದ ಬರೆದರೆ ಯಾರು ಬರೆದದ್ದು ಅಂತ ಅಲ್ಲೂ ಸಿಗುವುದಿಲ್ಲ.

ಆಮೇಲೆ ಆ್ಯಪ್. ಫೋಟೋ, ಸಮಯ, ಹೆಸರು ಎಲ್ಲ ತಾನೇ ದಾಖಲಾಗುತ್ತದೆ, ಇದೇ ಸರಿ ಅನ್ನಿಸಿತ್ತು. ಎರಡು ವಾರ ನಡೆಯಿತು. ಜನರೇಟರ್ ಇರುವುದು ಬೇಸ್‌ಮೆಂಟಿನಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಹುಡುಗರು ಮೇಲೆ ಗೇಟಿಗೆ ಬಂದು ನೆನಪಿನಿಂದ ತುಂಬಿಸತೊಡಗಿದರು. ಅಷ್ಟರಲ್ಲಿ ಏಜೆನ್ಸಿ ಒಬ್ಬರನ್ನು ಬದಲಾಯಿಸಿತು. ಹೊಸಬರಿಗೆ ಲಾಗಿನ್ ಆಗುವ ತನಕ ಐದು ದಿನ ಖಾಲಿ. ಜನ ಬದಲಾಗದೆ ಇದ್ದು, ನಾಲ್ಕೈದು ಕಟ್ಟಡಗಳನ್ನು ಒಬ್ಬರೇ ದೂರದಿಂದ ನೋಡಿಕೊಳ್ಳುವುದಾದರೆ ನಾನು ಇವತ್ತೂ ಆ್ಯಪ್ ಅನ್ನೇ ಆರಿಸುತ್ತೇನೆ. ನಮ್ಮ ಒಂದು ಬೇಸ್‌ಮೆಂಟಿಗೆ ಅದು ಜಾಸ್ತಿಯಾಯ್ತು.

ಕೊನೆಗೆ ಪೇಪರಿಗೇ ವಾಪಸ್ ಬಂದೆ, ಆದರೆ ಟಿಕ್ ತೆಗೆದುಹಾಕಿ. ವಾರಕ್ಕೊಂದು ಹಾಳೆ, ಜನರೇಟರ್ ಪ್ಯಾನೆಲ್ ಪಕ್ಕದಲ್ಲೇ ಕ್ಲಿಪ್‌ಬೋರ್ಡ್, ದಾರ ಕಟ್ಟಿದ ಪೆನ್ನು. ಹೌದು ಇಲ್ಲ ಅನ್ನುವ ಪ್ರಶ್ನೆಯೇ ಇಲ್ಲ. ಅವರ್ ಮೀಟರ್ ಎಷ್ಟು, ಬ್ಯಾಟರಿ ವೋಲ್ಟ್ ಎಷ್ಟು, ಕೋಲು ಇಳಿಸಿದರೆ ಡೀಸೆಲ್ ಎಷ್ಟು ಸೆಂ.ಮೀ., ಬರೆದವರು ಯಾರು, ಎಷ್ಟು ಹೊತ್ತಿಗೆ. ನಮ್ಮ ಇಬ್ಬರು ವಾಚ್‌ಮನ್‌ಗಳಲ್ಲಿ ಒಬ್ಬರು ರಾಯಚೂರಿನವರು, ಇನ್ನೊಬ್ಬರು ಅಸ್ಸಾಮಿನವರು. ಅಂಕಿ ಇಬ್ಬರಿಗೂ ಓದಲು ಬರುತ್ತದೆ, ಕಾಲಂ ಮೇಲೆ ಚಿತ್ರ ಅಂಟಿಸಿದರೆ ಸಾಕು.

ಸುಳ್ಳು ಅಂಕಿ ಬರೆಯಲು ಆಗಲ್ವಾ? ಆಗುತ್ತದೆ. ಆದರೆ ಸಿಕ್ಕಿಬೀಳುತ್ತದೆ. ನಮ್ಮ ಮೀಟರಿನ ಕೊನೆಯ ಅಂಕಿ ಆರು ನಿಮಿಷಕ್ಕೊಮ್ಮೆ ಏರುತ್ತದೆ. ಹತ್ತು ನಿಮಿಷದ ಟೆಸ್ಟ್ ಆದರೆ ಅದು ಒಂದೋ ಎರಡೋ ಅಂಕಿ ಮುಂದೆ ಹೋಗಿರಲೇಬೇಕು. ಸುಮ್ನೆ ಊಹೆಯಲ್ಲಿ ಬರೆದರೆ ಮುಂದಿನ ಪಾಳಿಯವರು ನೋಡುವ ನಿಜವಾದ ಅಂಕಿಗೆ ಅದು ತಾಳೆಯಾಗುವುದಿಲ್ಲ. ಹಾಗೇ ಬ್ಯಾಟರಿ: ಚಾರ್ಜರ್ ಓಡುತ್ತಿದ್ದರೆ 13ಕ್ಕಿಂತ ಮೇಲೆ ಇರುತ್ತದೆ, 12.5ಕ್ಕೆ ಇಳಿದಿದ್ದರೆ ಮೊದಲು ಪ್ಲಗ್ ನೋಡಬೇಕು. ಈ ಸಾಲನ್ನು ಹಾಳೆಯ ಕೆಳಗೇ ದಪ್ಪಗೆ ಬರೆದಿದ್ದೇನೆ.

ಶೀಟನ್ನು ಪೂರ್ತಿ ಬಿಟ್ಟಿಲ್ಲ. ಭಾನುವಾರ ಹಾಳೆಯ ಫೋಟೋ ತರಿಸಿಕೊಂಡು ನಾನೊಬ್ಬನೇ ಅಂಕಿಗಳನ್ನು ಅದಕ್ಕೆ ಏರಿಸುತ್ತೇನೆ, ಹತ್ತು ನಿಮಿಷದ ಕೆಲಸ. ಎಷ್ಟು ಗಂಟೆ ಓಡಿದ್ದಕ್ಕೆ ಎಷ್ಟು ಡೀಸೆಲ್ ಇಳಿಯಿತು ಅನ್ನುವುದು ಅಲ್ಲಿ ತಿಂಗಳುಗಟ್ಟಲೆ ಕಾಣುತ್ತದೆ, ಹಾಳೆಯಲ್ಲಿ ಕಾಣುವುದಿಲ್ಲ.

ಮಧ್ಯದಲ್ಲಿ ಒಂದು ಬುಧವಾರ ರಾತ್ರಿ ಕೆಳಗಿನಿಂದ ಫೋನ್ ಬಂತು. “ಸಾರ್, ನಿನ್ನೆ 13.4 ಬರೆದಾರ್ರಿ, ಈಗ 12.3 ಐತಿ.”

“ಪ್ಲಗ್ ನೋಡಿದ್ರಾ?”

“ಕಿತ್ತಾರ್ರಿ. ಹಾಕೀನಿ.”